ರಿಪೇರಿ ಲೆಡ್ಜರ್ ಓದುವುದು ಹೇಗೆ: ಆರ್ಟಿಕಲ್ಸ್‌ಗೆ ಒಂದು ಫೀಲ್ಡ್‌ವರ್ಕ್ ಪಾಠ

(ಆರ್ಟಿಕಲ್‌ಶಿಪ್ ಶುರು ಮಾಡಿರುವ ಸಿಎ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಅಲ್ಲಿ ಬೋರ್ಡ್ ಮೇಲೆ ಬರೆದ ಅಂಕಿಗಳನ್ನು ಇಲ್ಲಿ ಮಾತಿನ ಒಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಲೆಡ್ಜರ್ ತೆಗೆದುಕೊಂಡು ಕೂರೋಣ. ಅದನ್ನು ಮೊದಲಿಂದ ಕೊನೆವರೆಗೆ ಓದೋಣ, ಟಿಕ್ ಹಾಕೋಣ, ಅದರಿಂದ ಹುಟ್ಟುವ ಪ್ರಶ್ನೆಯನ್ನು ಸೀನಿಯರ್ ಹತ್ತಿರ ತೆಗೆದುಕೊಂಡು ಹೋಗೋಣ. 2023ರ ಜುಲೈಯಿಂದ ಹೊಸ ಸ್ಕೀಮ್‌ನಲ್ಲಿ ಆರ್ಟಿಕಲ್‌ಶಿಪ್ ಎರಡು ವರ್ಷಕ್ಕೆ ಇಳಿದಿದೆ. ಮೊದಲ ಆರು ತಿಂಗಳು ಸುಮ್ನೆ ಬಿಲ್‌ಗೆ ಟಿಕ್ ಹಾಕುತ್ತಾ ಕಳೆದುಹೋದರೆ ಕಾಲು ಭಾಗ ಹೋಯಿತು ಅಂತಲೇ ಲೆಕ್ಕ.

ನಮ್ಮ ಕ್ಲೈಂಟ್ ಪೀಣ್ಯದ ಕಡೆ ಕಾಣುವಂಥ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ಸಿಎನ್‌ಸಿ ಮಷಿನ್‌ಗಳಲ್ಲಿ ಲೋಹದ ಬಿಡಿಭಾಗ ಮಾಡುತ್ತಾರೆ, ಅಕೌಂಟ್ಸ್ ಟ್ಯಾಲಿಯಲ್ಲಿದೆ. ವರ್ಷ 2024-25. ಲೆಡ್ಜರ್ ಹೆಸರು ‘ರಿಪೇರಿ ಮತ್ತು ನಿರ್ವಹಣೆ - ಮಷಿನರಿ’. ಕಂಪನಿಯೂ ಅಂಕಿಗಳೂ ಪಾಠಕ್ಕಾಗಿ ನಾನೇ ಹೊಂದಿಸಿದವು. ಆದರೆ ಇದರಲ್ಲಿ ಬರುವ ಒಂದೊಂದು ತೊಂದರೆಯೂ ನಿಮಗೆ ಈ ವರ್ಷವೇ ಯಾವುದಾದರೂ ಫೈಲ್‌ನಲ್ಲಿ ಸಿಗುವಂಥದ್ದು.

ಸೀನಿಯರ್ ಹೇಳುತ್ತಾರೆ, "ರಿಪೇರಿ ಲೆಡ್ಜರ್ ನೋಡಿಬಿಡಿ." ಹೊಸಬರು ಆಗ ಏನು ಮಾಡುತ್ತಾರೆ? ವೌಚರ್ ಫೈಲ್ ತರಿಸಿಕೊಂಡು ಏಪ್ರಿಲ್ ಒಂದರಿಂದ ಶುರು ಮಾಡುತ್ತಾರೆ. ಬಿಲ್ ಇದೆ, ಟಿಕ್. ಬಿಲ್ ಇದೆ, ಟಿಕ್. ಸಂಜೆಗೆ ಜುಲೈವರೆಗೆ ಬಂದಿರುತ್ತಾರೆ, ಕೈ ನೋಯುತ್ತಿರುತ್ತದೆ, ಲೆಡ್ಜರ್ ಬಗ್ಗೆ ಕೇಳಿದರೆ ಹೇಳಲು ಏನೂ ಇರುವುದಿಲ್ಲ. ಅವರು ಮಾಡಿದ್ದು ವೌಚಿಂಗ್, ಅದೂ ಬೇಕಾದದ್ದೇ. ಆದರೆ ಸೀನಿಯರ್ ಕೇಳಿದ್ದು ಸ್ಕ್ರೂಟಿನಿ. ಸ್ಕ್ರೂಟಿನಿ ಅಂದರೆ ಬಿಲ್ ಮುಟ್ಟುವ ಮೊದಲು ಲೆಡ್ಜರ್ ಅನ್ನೇ ಓದುವುದು. ಎಲ್ಲಿ ಅದು ತನ್ನ ಮಾಮೂಲಿ ದಾರಿ ಬಿಟ್ಟಿದೆ ಅಂತ ಗುರುತಿಸುವುದು. ಆಮೇಲೆ ಆ ಜಾಗದ ಬಿಲ್ ಕೇಳುವುದು.

ಹಾಗಾದರೆ ಮೊದಲು ಏನು ಮಾಡಬೇಕು? ಲೆಡ್ಜರ್ ಎಕ್ಸೆಲ್‌ಗೆ ತನ್ನಿ. ಟ್ಯಾಲಿಯಲ್ಲಿ ಲೆಡ್ಜರ್ ತೆರೆದು `Alt+F2` ಒತ್ತಿ ಇಡೀ ವರ್ಷದ ಅವಧಿ ಕೊಡಿ. `F12` ಒತ್ತಿ ನರೇಷನ್ ಕಾಣುವಂತೆ ಮಾಡಿ. ಆಮೇಲೆ `Alt+E` ಇಂದ ಎಕ್ಸ್‌ಪೋರ್ಟ್ ಮಾಡಿ. ನರೇಷನ್ ಇಲ್ಲದ ಲೆಡ್ಜರ್ ಸ್ಕ್ರೂಟಿನಿಗೆ ಅರ್ಧ ಕುರುಡು, ಯಾಕೆಂದರೆ ಬ್ಯಾಂಕ್‌ನಿಂದಲೋ ಕ್ಯಾಶ್‌ನಿಂದಲೋ ನೇರವಾಗಿ ಕೊಟ್ಟ ಎಂಟ್ರಿಗಳಲ್ಲಿ ಎದುರು ಖಾತೆಯಾಗಿ ಬರೀ ಬ್ಯಾಂಕ್ ಅಥವಾ ಕ್ಯಾಶ್ ಅಂತ ಕಾಣುತ್ತದೆ, ದುಡ್ಡು ಯಾರಿಗೆ ಹೋಯಿತು ಅನ್ನುವುದು ನರೇಷನ್‌ನಲ್ಲಿ ಮಾತ್ರ ಇರುತ್ತದೆ. ಎಕ್ಸೆಲ್‌ಗೆ ಬಂದ ಮೇಲೆ ಒಟ್ಟು ಮೊತ್ತ ಕೂಡಿ ಟ್ರಯಲ್ ಬ್ಯಾಲೆನ್ಸ್‌ಗೆ ಹೊಂದಿಸಿ. ನಮ್ಮ ಲೆಡ್ಜರ್ 18,60,000. ಟಿಬಿಯಲ್ಲೂ 18,60,000 ಇರಬೇಕು. ಇಲ್ಲದಿದ್ದರೆ ನೀವು ಎಕ್ಸ್‌ಪೋರ್ಟ್ ಮಾಡಿದ ಮೇಲೆ ಅಕೌಂಟೆಂಟ್ ಇನ್ನೊಂದು ಎಂಟ್ರಿ ಹಾಕಿದ್ದಾರೆ, ಅಥವಾ ನಿಮ್ಮ ಅವಧಿ ತಪ್ಪಾಗಿದೆ. ಹೊಂದಿದ ಮೇಲೆ ಆ ಮೊತ್ತದ ಪಕ್ಕದಲ್ಲಿ ನಿಮ್ಮ ಮೊದಲ ಟಿಕ್ ಬೀಳುತ್ತದೆ: ಟಿಬಿಗೆ ಹೊಂದಿದೆ ಅಂತ.

ಈಗ ಹೋದ ವರ್ಷದ ಅಂಕಿ ಪಕ್ಕಕ್ಕೆ ಬರೆಯಿರಿ. ಹೋದ ವರ್ಷ 11,20,000. ಈ ವರ್ಷ 7,40,000 ಜಾಸ್ತಿ. ಮಷಿನ್‌ಗಳು ಅವೇ, ಉತ್ಪಾದನೆ ಹೆಚ್ಚುಕಮ್ಮಿ ಅಷ್ಟೇ. ಹಾಗಾದರೆ ಈ ಏಳು ಲಕ್ಷ ನಲವತ್ತು ಸಾವಿರ ಎಲ್ಲಿಂದ ಬಂತು? ಇದಕ್ಕೆ ಉತ್ತರ ಹುಡುಕುವುದೇ ಇವತ್ತಿನ ಕೆಲಸ.

ಪಿವಟ್ ಹಾಕಿ ತಿಂಗಳವಾರು ಮಾಡಿ. ಹೆಚ್ಚಿನ ತಿಂಗಳುಗಳಲ್ಲಿ ಖರ್ಚು 86 ಸಾವಿರದಿಂದ 1 ಲಕ್ಷ 4 ಸಾವಿರದ ಒಳಗಿದೆ. ನಾಲ್ಕು ತಿಂಗಳು ಮಾತ್ರ ಬೇರೆ ಥರ. ಸೆಪ್ಟೆಂಬರ್ 5,72,000. ಡಿಸೆಂಬರ್ ಸೊನ್ನೆ. ಜನವರಿ 1,81,000. ಮಾರ್ಚ್ 3,61,000. ಇಷ್ಟು ನೋಡಲು ಹತ್ತು ನಿಮಿಷ ಸಾಕು, ಒಂದು ಬಿಲ್ಲನ್ನೂ ಇನ್ನೂ ಕೇಳಿಲ್ಲ, ಆದರೆ ಎಲ್ಲಿ ಅಗೆಯಬೇಕು ಅಂತ ಗೊತ್ತಾಯಿತು. ಸೆಪ್ಟೆಂಬರ್ ತೆರೆದರೆ 4,80,000ದ ಒಂದೇ ವೌಚರ್. ಮಾರ್ಚ್ ತೆರೆದರೆ 31ನೇ ತಾರೀಖಿನ 2,70,000ದ ಒಂದು ಜರ್ನಲ್ ಎಂಟ್ರಿ. ಈ ಎರಡನ್ನು ತೆಗೆದುಬಿಟ್ಟರೆ ಉಳಿಯುವುದು 11,10,000, ಹೋದ ವರ್ಷದ ಪಕ್ಕದಲ್ಲೇ ನಿಲ್ಲುತ್ತದೆ. ಅಂದರೆ ಕಥೆಯೆಲ್ಲ ಆ ಎರಡು ವೌಚರ್‌ನಲ್ಲಿದೆ.

ಸೊನ್ನೆ ಇರುವ ಡಿಸೆಂಬರ್ ಅನ್ನು ಮರೆಯಬೇಡಿ. ಹೊಸಬರ ಕಣ್ಣು ದೊಡ್ಡ ಅಂಕಿಯ ಕಡೆಗೇ ಹೋಗುತ್ತದೆ, ಇಲ್ಲದ ಅಂಕಿ ಕಾಣಿಸುವುದೇ ಇಲ್ಲ. ಡಿಸೆಂಬರ್‌ನಲ್ಲಿ ಮಷಿನ್ ಓಡಿದೆ, ರಿಪೇರಿ ಆಗಿದೆ, ಖರ್ಚು ಮಾತ್ರ ಇಲ್ಲ. ಜನವರಿಯಲ್ಲಿ ಎರಡು ತಿಂಗಳಷ್ಟು ಖರ್ಚಿದೆ. ಇವರು ಬಿಲ್ ಕೈಗೆ ಬಂದ ತಾರೀಖಿನಲ್ಲಿ ಎಂಟ್ರಿ ಹಾಕುತ್ತಾರೆ, ಕೆಲಸ ನಡೆದ ತಾರೀಖಿನಲ್ಲಿ ಅಲ್ಲ ಅಂತ ಇದರಿಂದ ಅನುಮಾನ ಬರುತ್ತದೆ. ಜನವರಿಯ ಬಿಲ್ಲುಗಳ ತಾರೀಖು ನೋಡಿದರೆ ಖಾತ್ರಿಯಾಗುತ್ತದೆ. ಡಿಸೆಂಬರ್-ಜನವರಿ ಒಂದೇ ವರ್ಷದ ಒಳಗಿರುವುದರಿಂದ ಲಾಭಕ್ಕೆ ಏನೂ ಆಗುವುದಿಲ್ಲ. ಆದರೆ ಇದೇ ಅಭ್ಯಾಸ ಮಾರ್ಚ್-ಏಪ್ರಿಲ್ ನಡುವೆಯೂ ಇದ್ದರೆ ವರ್ಷವೇ ಬದಲಾಗುತ್ತದೆ. ಹಾಗಾಗಿ ಮುಂದಿನ ವರ್ಷದ ಏಪ್ರಿಲ್-ಮೇ ಲೆಡ್ಜರ್ ಕೂಡ ಈಗಲೇ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ, ಬೇಕಾಗುತ್ತದೆ.

ತಿಂಗಳು ಆಯಿತು. ಈಗ ಅದೇ ಲೆಡ್ಜರ್ ಅನ್ನು ಪಾರ್ಟಿ ಪ್ರಕಾರ ಜೋಡಿಸಿ. ಒಬ್ಬ ಮೆಕ್ಯಾನಿಕ್ ಸಿಗುತ್ತಾನೆ. ಅವನಿಗೆ ಮೂರು ಸಲ ದುಡ್ಡು ಹೋಗಿದೆ: 28,500, 27,000, 29,000. ಹೆಸರು ಮೂರು ಕಡೆ ಮೂರು ಥರ ಬರೆದಿದ್ದಾರೆ, ಒಂದರಲ್ಲಿ ಇನಿಶಿಯಲ್ ಮುಂದೆ, ಒಂದರಲ್ಲಿ ಹಿಂದೆ, ಒಂದರಲ್ಲಿ ಇನಿಶಿಯಲ್ಲೇ ಇಲ್ಲ. ಹಾಗಾಗಿ ಪಿವಟ್‌ನಲ್ಲಿ ಮೂರು ಜನರಂತೆ ಕಾಣುತ್ತಾನೆ, ನೀವೇ ಕಣ್ಣಿಟ್ಟು ಒಟ್ಟುಗೂಡಿಸಬೇಕು. ಇದಕ್ಕೆ ಯಾಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು? 1961ರ ಆದಾಯ ತೆರಿಗೆ ಕಾಯ್ದೆಯ 194ಸಿ ಪ್ರಕಾರ ಕಂಟ್ರಾಕ್ಟ್ ಕೆಲಸಕ್ಕೆ ಒಂದೇ ಸಲ 30,000 ದಾಟಿದರೆ ಟಿಡಿಎಸ್ ಕಡಿಯಬೇಕು, ಅಥವಾ ವರ್ಷದ ಒಟ್ಟು 1,00,000 ದಾಟಿದರೆ ಕಡಿಯಬೇಕು. ಈತನ ಪ್ರತಿ ಬಿಲ್ 30,000ದ ಕೆಳಗೇ ಇದೆ. ಮೂರೂ ಸೇರಿ 84,500, ಲಕ್ಷ ದಾಟಿಲ್ಲ. ಸರಿ ಇದೆ ಅಂತ ಮುಂದೆ ಹೋಗಬಹುದು, ಅಲ್ವಾ?

ಹೋಗಬೇಡಿ. ಮಿತಿ ಇರುವುದು ವ್ಯಕ್ತಿಗೆ, ಲೆಡ್ಜರ್‌ಗೆ ಅಲ್ಲ. ಅದೇ ಹೆಸರನ್ನು ‘ರಿಪೇರಿ - ಕಟ್ಟಡ’ ಲೆಡ್ಜರ್‌ನಲ್ಲಿ ಹುಡುಕಿದರೆ ಶಟರ್ ಮೋಟರ್ ಸರಿ ಮಾಡಿದ್ದಕ್ಕೆ 24,000 ಸಿಗುತ್ತದೆ. ಈಗ ಒಟ್ಟು 1,08,500. ವ್ಯಕ್ತಿಯಾದ್ದರಿಂದ 1 ಪರ್ಸೆಂಟ್, ಅಂದರೆ ಕಡಿಯಬೇಕಿದ್ದ ತೆರಿಗೆ ಬರೀ 1,085 ರೂಪಾಯಿ. ಕಡಿದಿಲ್ಲದಿದ್ದರೆ 40(ಎ)(ಐಎ) ಅಡಿ ಖರ್ಚಿನ 30 ಪರ್ಸೆಂಟ್, ಅಂದರೆ 32,550, ಆ ವರ್ಷದ ತೆರಿಗೆ ಲೆಕ್ಕದಲ್ಲಿ ಖರ್ಚು ಅಂತ ಒಪ್ಪುವುದಿಲ್ಲ. ಫಾರ್ಮ್ 3ಸಿಡಿಯಲ್ಲೂ ವರದಿ ಮಾಡಬೇಕಾಗುತ್ತದೆ. ಇದು ದೊಡ್ಡ ಮೊತ್ತವಲ್ಲ. ಆದರೆ ಬಿಲ್ ನೋಡಿ ನೋಡಿ ಟಿಕ್ ಹಾಕುವವರಿಗೆ ಇದು ಯಾವತ್ತೂ ಸಿಗುವುದಿಲ್ಲ, ಯಾಕೆಂದರೆ ನಾಲ್ಕೂ ಬಿಲ್ಲುಗಳು ಬಿಡಿಬಿಡಿಯಾಗಿ ಪೂರ್ತಿ ಸರಿಯಾಗಿವೆ. (2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವುದು 2025ರ ಹೊಸ ಕಾಯ್ದೆ. ಅದರಲ್ಲಿ ಸೆಕ್ಷನ್ ನಂಬರ್‌ಗಳು ಬೇರೆ. ನಮ್ಮ ಲೆಕ್ಕ 2024-25ರದ್ದಾದ್ದರಿಂದ ಹಳೆಯ ನಂಬರ್ ಹೇಳುತ್ತಿದ್ದೇನೆ. ನೀವು ಯಾವ ವರ್ಷದ ಫೈಲ್ ಹಿಡಿದಿದ್ದೀರಿ ಅಂತ ನೋಡಿಕೊಂಡು ಸೆಕ್ಷನ್ ಬರೆಯಿರಿ.)

ಪಾರ್ಟಿವಾರು ಜೋಡಿಸಿದಾಗಲೇ ಇನ್ನೊಂದನ್ನೂ ನೋಡಿಬಿಡಿ. ಒಂದೇ ಪಾರ್ಟಿಗೆ ಒಂದೇ ಮೊತ್ತ ಎರಡು ಸಲ ಬಂದಿದೆಯಾ? ಪಾರ್ಟಿ ಹೆಸರು ಬಿ ಕಾಲಂ, ಮೊತ್ತ ಡಿ ಕಾಲಂ ಆಗಿದ್ದರೆ ಪಕ್ಕದಲ್ಲಿ ಇಷ್ಟು ಸಾಕು:

```
=COUNTIFS(B:B,B2,D:D,D2)
```

ಒಂದಕ್ಕಿಂತ ಜಾಸ್ತಿ ಬಂದರೆ ತಪ್ಪು ಅಂತ ಅಲ್ಲ. ಪ್ರತಿ ತಿಂಗಳ ಸರ್ವಿಸ್ ಕಾಂಟ್ರಾಕ್ಟ್ ಇದ್ದರೆ ಹನ್ನೆರಡು ಸಲ ಒಂದೇ ಮೊತ್ತ ಬರುತ್ತದೆ. ಬಿಲ್ ನಂಬರ್ ಕೂಡ ಒಂದೇ ಆಗಿದ್ದರೆ ಮಾತ್ರ ವಿಷಯ.

ಕೊನೆಗೆ ಕ್ರೆಡಿಟ್ ಕಾಲಂ. ಖರ್ಚಿನ ಲೆಡ್ಜರ್‌ನಲ್ಲಿ ಕ್ರೆಡಿಟ್ ಎಂಟ್ರಿ ಅಪರೂಪ, ಹಾಗಾಗಿ ಒಂದನ್ನೂ ಬಿಡದೆ ಓದಿ. ನಮ್ಮ ಲೆಡ್ಜರ್‌ನಲ್ಲಿ ಒಂದೇ ಒಂದು ಇದೆ. ನವೆಂಬರ್, 22,000, ನರೇಷನ್ ‘ಹಳೆ ಪಾರ್ಟ್ಸ್ ಸ್ಕ್ರ್ಯಾಪ್ ಮಾರಿದ್ದು’. ನವೆಂಬರ್‌ನ ಒಟ್ಟು ಮಾಮೂಲಿಯಾಗಿಯೇ ಕಂಡಿತ್ತು, ಅದಕ್ಕೇ ತಿಂಗಳವಾರು ಪಟ್ಟಿಯಲ್ಲಿ ಇದು ಕಣ್ಣಿಗೆ ಬೀಳಲಿಲ್ಲ. ಸ್ಕ್ರ್ಯಾಪ್ ಮಾರಿದ ದುಡ್ಡನ್ನು ಖರ್ಚಿನಿಂದ ಕಳೆದಿದ್ದಾರೆ. ಜಿಎಸ್‌ಟಿ ಬಿಲ್ ಮಾಡಿದ್ದಾರಾ ಅನ್ನುವುದು ಒಂದು ಪ್ರಶ್ನೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಯಾವ ಹಳೆ ಪಾರ್ಟ್? 22,000ಕ್ಕೆ ಹೋಗುವಂಥ ಹಳೆ ಪಾರ್ಟ್ ಎಲ್ಲಿಂದ ಬಂತು? ಇದನ್ನು ಸೆಪ್ಟೆಂಬರ್‌ನ 4,80,000ದ ಪಕ್ಕದಲ್ಲಿ ಬರೆದಿಡಿ.

ಈಗ, ಈಗ ಮಾತ್ರ, ಬಿಲ್ ಕೇಳಲು ಹೋಗಿ.

ಕ್ಲೈಂಟ್ ಆಫೀಸಿನ ಅಕೌಂಟೆಂಟ್ ಹತ್ತಿರ ಹೋಗುವ ಬಗ್ಗೆ ಒಂದು ಮಾತು. ಅವರಿಗೂ ಕೆಲಸ ಇದೆ. ತಿಂಗಳ 7ನೇ ತಾರೀಖು ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ 3ಬಿ. ಆ ದಿನಗಳಲ್ಲಿ ಹತ್ತು ನಿಮಿಷಕ್ಕೊಂದು ಸಲ ಹೋಗಿ "ಸಾರ್, ಈ ಬಿಲ್ ಕೊಡಿ" ಅಂತ ನಿಂತರೆ ಮೂರನೇ ಸಲಕ್ಕೆ ಅವರ ಮುಖ ಬದಲಾಗುತ್ತದೆ, ಅದು ಸಹಜ. ಬೇಕಾದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ: ತಾರೀಖು, ವೌಚರ್ ನಂಬರ್, ಮೊತ್ತ, ಏನು ಬೇಕು. ದಿನಕ್ಕೆ ಎರಡು ಸಲ ಕೊಡಿ, ಒಂದು ಬೆಳಗ್ಗೆ, ಒಂದು ಊಟ ಆದ ಮೇಲೆ. "ಏನು ಬೇಕು" ಅನ್ನುವ ಕಾಲಂನಲ್ಲಿ ಬರೀ ‘ಬಿಲ್’ ಅಂತ ಬರೆಯಬೇಡಿ. ಸೆಪ್ಟೆಂಬರ್ ವೌಚರ್‌ಗೆ ನಾನಾದರೆ ಬಿಲ್, ಪರ್ಚೇಸ್ ಆರ್ಡರ್, ಸರ್ವಿಸ್ ರಿಪೋರ್ಟ್ ಈ ಮೂರನ್ನೂ ಕೇಳುತ್ತೇನೆ, ಜೊತೆಗೆ ಸೆಕ್ಯೂರಿಟಿ ಗೇಟಿನ ರಿಟರ್ನಬಲ್ ಗೇಟ್ ಪಾಸ್ ರಿಜಿಸ್ಟರ್ ನೋಡಲು ಬಿಡಿ ಅಂತಲೂ ಕೇಳುತ್ತೇನೆ.

ಗೇಟ್ ಪಾಸ್ ಯಾಕೆ? ಅಕೌಂಟೆಂಟ್ ಹೇಳುತ್ತಾರೆ, "ಸ್ಪಿಂಡಲ್ ಹೋಗಿತ್ತು, ರಿಪೇರಿ ಮಾಡಿಸಿದ್ವಿ." ಸ್ಪಿಂಡಲ್ ಅಂದರೆ ಸಿಎನ್‌ಸಿ ಮಷಿನ್‌ನಲ್ಲಿ ತಿರುಗುವ ಮುಖ್ಯ ಭಾಗ. ಬೇರಿಂಗ್ ಬದಲಿಸಿ ಹಳೆಯದನ್ನೇ ಸರಿ ಮಾಡಿಸಿದ್ದರೆ ಅದು ಸಾಮಾನ್ಯವಾಗಿ ಖರ್ಚು. ಹಳೆಯದನ್ನು ಬಿಸಾಡಿ ಪೂರ್ತಿ ಹೊಸದು ಹಾಕಿ, ಅದು ಹಲವು ವರ್ಷ ಬರುವಂಥದ್ದಾದರೆ ಎಎಸ್ 10 ಪ್ರಕಾರ ಅದು ಆಸ್ತಿಗೆ ಸೇರಬೇಕು, ಹಳೆಯದರ ಬೆಲೆ ಆಸ್ತಿಯಿಂದ ಹೊರಗೆ ಹೋಗಬೇಕು. ಬಾಯಿಮಾತಿನಲ್ಲಿ ಎರಡಕ್ಕೂ ‘ರಿಪೇರಿ’ ಅಂತಲೇ ಹೇಳುತ್ತಾರೆ, ಅಕೌಂಟೆಂಟ್ ಸುಳ್ಳು ಹೇಳುತ್ತಿಲ್ಲ. ವ್ಯತ್ಯಾಸ ಕಾಣುವುದು ಗೇಟಿನಲ್ಲಿ. ರಿಪೇರಿಗೆ ಹೋಗಿದ್ದರೆ ಹಳೆ ಸ್ಪಿಂಡಲ್ ಹೊರಗೆ ಹೋದ ಎಂಟ್ರಿ ಇರಬೇಕು, ವಾಪಸ್ ಬಂದ ಎಂಟ್ರಿಯೂ ಇರಬೇಕು. ನಮ್ಮ ಕೇಸ್‌ನಲ್ಲಿ ಎರಡೂ ಇಲ್ಲ. ಬಿಲ್ಲಿನಲ್ಲಿ ‘ಹೊಸ ಸ್ಪಿಂಡಲ್ ಅಸೆಂಬ್ಲಿ 4,10,000, ಅಳವಡಿಕೆ 70,000’ ಅಂತ ಇದೆ. ಹಳೆಯದು ನವೆಂಬರ್‌ವರೆಗೆ ಮೂಲೆಯಲ್ಲಿ ಬಿದ್ದಿತ್ತು, ಆಮೇಲೆ 22,000ಕ್ಕೆ ಸ್ಕ್ರ್ಯಾಪ್ ಆಯಿತು. ಬಿಲ್, ಗೇಟ್ ರಿಜಿಸ್ಟರ್, ಸ್ಕ್ರ್ಯಾಪ್ ಎಂಟ್ರಿ ಮೂರೂ ಒಂದೇ ಮಾತು ಹೇಳುತ್ತಿವೆ.

ಇಲ್ಲಿ ಟಿಕ್ ಮಾರ್ಕ್ ವಿಷಯಕ್ಕೆ ಬರೋಣ. ಈ 4,80,000ದ ಎದುರು ನೀವು ಬರೀ ಒಂದು ✓ ಹಾಕಿದರೆ ಅದರ ಅರ್ಥ ಏನು? ಬಿಲ್ ಇದೆ ಅಂತಲಾ? ಮೊತ್ತ ಸರಿ ಅಂತಲಾ? ಲೆಡ್ಜರ್ ಸರಿ ಅಂತಲಾ? ಬಿಲ್ ಇದೆ, ಮೊತ್ತವೂ ಸರಿ, ಆದರೆ ಲೆಡ್ಜರ್ ತಪ್ಪು. ಒಂದೇ ಟಿಕ್ ಈ ಮೂರನ್ನೂ ಹೇಳಲಾರದು, ಮೂರೂ ಸರಿ ಅನ್ನುವ ಭಾವನೆ ಮಾತ್ರ ಕೊಡುತ್ತದೆ. ನಿಮ್ಮ ಪೇಪರ್ ರಿವ್ಯೂ ಮಾಡುವವರು ಮೋಸ ಹೋಗುವುದು ಇಲ್ಲೇ.

ಅದಕ್ಕೇ ಒಂದು ಟಿಕ್‌ಗೆ ಒಂದೇ ಕೆಲಸ ಇರಲಿ. ಎಕ್ಸೆಲ್‌ನಲ್ಲಿ ಕೆಲಸ ಮಾಡುವವರು ಒಂದು ಕಾಲಂ ಬದಲು ನಾಲ್ಕು ಕಾಲಂ ಮಾಡಿಕೊಳ್ಳಿ. `A` ಅಂದರೆ ಬಿಲ್ಲಿನ ಮೊತ್ತಕ್ಕೆ ಹೊಂದಿದೆ, ಕ್ರೆಡಿಟ್ ತೆಗೆದುಕೊಂಡ ಜಿಎಸ್‌ಟಿ ಬಿಟ್ಟು. `N` ಅಂದರೆ ಬಿಲ್ ಕಂಪನಿಯ ಹೆಸರಿನಲ್ಲೇ ಇದೆ, ಡೈರೆಕ್ಟರ್ ಮನೆಯ ವಿಳಾಸಕ್ಕಲ್ಲ. `D` ಅಂದರೆ ಕೆಲಸ ನಡೆದದ್ದು ಇದೇ ವರ್ಷ. `H` ಅಂದರೆ ಸರಿಯಾದ ಹೆಡ್‌ಗೆ ಹೋಗಿದೆ. ಅಕ್ಷರಗಳು ಯಾವುದಾದರೂ ಇರಲಿ, ನಿಮ್ಮ ಆಫೀಸಿನಲ್ಲಿ ಮೊದಲೇ ಒಂದು ಪದ್ಧತಿ ಇದ್ದರೆ ಅದನ್ನೇ ಹಿಡಿಯಿರಿ, ಹೊಸದು ಕಟ್ಟಬೇಡಿ. ಹಾಳೆಯ ಮೇಲ್ಭಾಗದಲ್ಲಿ ಯಾವ ಗುರುತಿಗೆ ಏನು ಅರ್ಥ ಅಂತ ಬರೆದಿರಲೇಬೇಕು. ಸ್ಪಿಂಡಲ್ ಸಾಲಿನಲ್ಲಿ ಈಗ `A`, `N`, `D` ಬಂತು. `H` ಜಾಗ ಖಾಲಿ, ಅಲ್ಲಿ ‘ಕ್ವೆರಿ 1’ ಅಂತ ಬರೆಯುತ್ತೀರಿ. ಆ ಖಾಲಿ ಜಾಗವೇ ನಿಮ್ಮ ಕೆಲಸದ ಬೆಲೆ.

ಎಸ್‌ಎ 230 ಓದಿರುತ್ತೀರಿ. ಈ ಆಡಿಟ್‌ಗೆ ಸಂಬಂಧವೇ ಇರದ ಒಬ್ಬ ಅನುಭವಿ ಆಡಿಟರ್ ನಿಮ್ಮ ಫೈಲ್ ತೆರೆದರೆ ಏನು ಕೆಲಸ ನಡೆದಿದೆ, ಏನು ಸಿಕ್ಕಿದೆ, ಏನು ತೀರ್ಮಾನ ಆಗಿದೆ ಅಂತ ಅವರಿಗೆ ತಿಳಿಯಬೇಕು ಅನ್ನುವುದು ಅದರ ಸಾರ. ಯಾವ ಐಟಂ ಪರೀಕ್ಷೆ ಮಾಡಿದಿರಿ, ಯಾರು ಮಾಡಿದರು, ಯಾವತ್ತು ಮಾಡಿದರು ಅನ್ನುವುದೂ ಇರಬೇಕು. ಹಾಗಾಗಿ ಹಾಳೆಯ ಮೂಲೆಯಲ್ಲಿ ನಿಮ್ಮ ಇನಿಶಿಯಲ್ ಮತ್ತು ತಾರೀಖು ಬಿಡಬೇಡಿ. ನೋಡದ ಬಿಲ್‌ಗೆ ಟಿಕ್ ಹಾಕಬೇಡಿ, ಅದು ಎಷ್ಟೇ ಸಣ್ಣ ಮೊತ್ತ ಆಗಿರಲಿ. ಬಿಲ್ ಸಿಗಲಿಲ್ಲ ಅಂದರೆ ‘ಬಿಲ್ ಸಿಗಲಿಲ್ಲ’ ಅಂತ ಬರೆಯಿರಿ. ಅದು ಕೂಡ ಒಂದು ಫಲಿತಾಂಶ.

ಕಾಗದದ ವೌಚರ್ ಮೇಲೆ ಟಿಕ್ ಹಾಕುವ ಹಳೆಯ ಪದ್ಧತಿ ಈಗಲೂ ಎಷ್ಟೋ ಕಡೆ ಇದೆ. ಅದಕ್ಕೊಂದು ಕಾರಣವೂ ಇದೆ: ಒಮ್ಮೆ ನೋಡಿದ ಬಿಲ್ಲನ್ನೇ ಇನ್ನೊಂದು ಎಂಟ್ರಿಗೆ ಮತ್ತೆ ತೋರಿಸಬಾರದು ಅಂತ. ಕ್ಲೈಂಟ್ ಬಳಸದ ಬಣ್ಣದ ಪೆನ್ ಹಿಡಿಯುವುದೂ ಅದಕ್ಕೇ. ಕ್ಲೈಂಟ್‌ನ ದಾಖಲೆ ಮೇಲೆ ಗುರುತು ಹಾಕಬಹುದಾ ಅಂತ ಮೊದಲು ಸೀನಿಯರ್‌ನ ಕೇಳಿಕೊಳ್ಳಿ.

ಮಾರ್ಚ್‌ನ 2,70,000 ಬಾಕಿ ಇದೆಯಲ್ಲ. ಜರ್ನಲ್ ಎಂಟ್ರಿ, ಎದುರಿಗೆ ‘ಔಟ್‌ಸ್ಟ್ಯಾಂಡಿಂಗ್ ಎಕ್ಸ್‌ಪೆನ್ಸಸ್’, ನರೇಷನ್ ‘ಪ್ರೊವಿಷನ್ ಮಾಡಿದ್ದು’. ಬಿಲ್ ಇರುವುದಿಲ್ಲ, ಪ್ರೊವಿಷನ್ ಅಂದಮೇಲೆ ಬಿಲ್ ಬಂದಿರುವುದಿಲ್ಲ. ಹಾಗಾದರೆ ಏನನ್ನು ನೋಡಿ ಟಿಕ್ ಹಾಕುವುದು? ಮೊದಲೇ ಎಕ್ಸ್‌ಪೋರ್ಟ್ ಮಾಡಿಟ್ಟ ಏಪ್ರಿಲ್-ಮೇ ಲೆಡ್ಜರ್ ಈಗ ತೆರೆಯಿರಿ. ಪ್ರೊವಿಷನ್‌ಗೆ ಲೆಕ್ಕದ ಹಾಳೆ ಇದ್ದರೆ ಅದನ್ನು ಅಕೌಂಟೆಂಟ್ ಹತ್ತಿರ ಕೇಳಿ, ಅದರ ಒಂದೊಂದು ಸಾಲನ್ನೂ ಆಮೇಲೆ ಬಂದ ಬಿಲ್ಲಿಗೆ ಹೊಂದಿಸಿ. ಹೊಂದಿಸಿದಾಗ ಹೀಗೆ ಬಂತು: ಮಾರ್ಚ್‌ನಲ್ಲಿ ನಡೆದ ಕೆಲಸಕ್ಕೆ ಬಂದ ಬಿಲ್ 1,15,000. ಏಪ್ರಿಲ್‌ನಲ್ಲಿ ನಡೆದ ಕೆಲಸಕ್ಕೆ ಬಂದ ಬಿಲ್ 95,000. ಉಳಿದ 60,000ಕ್ಕೆ ಯಾವ ಬಿಲ್ಲೂ ಇಲ್ಲ, ಯಾವ ಕೆಲಸ ಅಂತಲೂ ಯಾರಿಗೂ ಗೊತ್ತಿಲ್ಲ. ಅಂದರೆ ಈ ವರ್ಷಕ್ಕೆ ಸಲ್ಲುವುದು 1,15,000 ಮಾತ್ರ. 1,55,000 ಜಾಸ್ತಿ ಹಾಕಿದ್ದಾರೆ, ಈ ವರ್ಷದ ಲಾಭ ಅಷ್ಟು ಕಮ್ಮಿ ಕಾಣುತ್ತಿದೆ.

ಇಲ್ಲಿ ಬಿಲ್ಲಿನ ತಾರೀಖನ್ನು ನಂಬಿ ಕೂರಬೇಡಿ. ಎರಡೂ ಥರದ ಬಿಲ್ಲುಗಳ ಮೇಲೆ ಏಪ್ರಿಲ್ ತಾರೀಖೇ ಇದೆ. ಕೆಲಸ ಯಾವಾಗ ನಡೆಯಿತು ಅನ್ನುವುದು ಸರ್ವಿಸ್ ರಿಪೋರ್ಟ್‌ನಲ್ಲಿದೆ, ಮೆಕ್ಯಾನಿಕ್ ಬಂದು ಹೋದ ದಿನ ಸೂಪರ್‌ವೈಸರ್ ಸಹಿ ಹಾಕಿದ ಆ ಚೀಟಿಯಲ್ಲಿ. ಇನ್ನೂ ಒಂದು ಕಡೆ ಕಣ್ಣಿಡಿ. ಏಪ್ರಿಲ್‌ನಲ್ಲಿ ಬಂದ 1,15,000ದ ಬಿಲ್ಲನ್ನು ಔಟ್‌ಸ್ಟ್ಯಾಂಡಿಂಗ್ ಖಾತೆಗೆ ಹಾಕದೆ ನೇರವಾಗಿ ಹೊಸ ವರ್ಷದ ಖರ್ಚಿಗೆ ಹಾಕಿದ್ದರೆ ಒಂದೇ ಖರ್ಚು ಎರಡು ವರ್ಷದಲ್ಲೂ ಕೂತಿದೆ. ಔಟ್‌ಸ್ಟ್ಯಾಂಡಿಂಗ್ ಖಾತೆಯಲ್ಲಿ 2,70,000 ಹಾಗೇ ಅಲುಗಾಡದೆ ಉಳಿದಿದ್ದರೆ ಈ ತಪ್ಪು ನಡೆದಿರುವ ಗುರುತು ಅದು.

ಈಗ ಸೀನಿಯರ್ ಹತ್ತಿರ ಹೋಗುವ ಹೊತ್ತು. ಎಷ್ಟೋ ಜನ ಹೋಗಿ ನಿಲ್ಲುವುದು ಹೀಗೆ:

"ಮೇಡಂ, ರಿಪೇರಿ ಲೆಡ್ಜರ್‌ನಲ್ಲಿ ಒಂದು ದೊಡ್ಡ ಎಂಟ್ರಿ ಇದೆ. ಏನು ಮಾಡ್ಲಿ?"

ಪಾಪ, ಅವರೇನು ಹೇಳಬೇಕು? ಯಾವ ಎಂಟ್ರಿ, ಎಷ್ಟು, ಬಿಲ್ ನೋಡಿದ್ಯಾ, ಬಿಲ್‌ನಲ್ಲಿ ಏನಿದೆ, ಹೀಗೆ ಆರು ಪ್ರಶ್ನೆ ಅವರೇ ಕೇಳಬೇಕು. ನಾಲ್ಕನೇ ಪ್ರಶ್ನೆಗೆ ನೀವು "ನೋಡಿ ಬರ್ತೀನಿ" ಅಂತ ವಾಪಸ್ ಹೋಗುತ್ತೀರಿ. ಎರಡನೇ ಸಲ ಇದೇ ಆದರೆ ಅವರಿಗೆ ಬೇಸರ. ಆಮೇಲೆ ನಿಮಗೆ ಕೇಳಲು ಭಯ. ಅದೇ ವಿಷಯವನ್ನು ಹೀಗೆ ಕೇಳಿ ನೋಡಿ:

"ಮೇಡಂ, ರಿಪೇರಿ ಲೆಡ್ಜರ್, ಸೆಪ್ಟೆಂಬರ್ 18ರ ವೌಚರ್, 4,80,000. ಖರ್ಚಿಗೆ ಹಾಕಿದ್ದಾರೆ. ಬಿಲ್‌ನಲ್ಲಿ ಹೊಸ ಸ್ಪಿಂಡಲ್ 4,10,000, ಅಳವಡಿಕೆ 70,000. ಹಳೇದು ರಿಪೇರಿಗೆ ಹೋದ ಗೇಟ್ ಪಾಸ್ ಇಲ್ಲ, ನವೆಂಬರ್‌ನಲ್ಲಿ 22,000ಕ್ಕೆ ಸ್ಕ್ರ್ಯಾಪ್ ಆಗಿದೆ. ಎಎಸ್ 10 ಪ್ರಕಾರ ಪೂರ್ತಿ 4,80,000 ಆಸ್ತಿಗೆ ಹೋಗ್ಬೇಕು ಅನ್ಸುತ್ತೆ. ಆದ್ರೆ ಅಸೆಟ್ ರಿಜಿಸ್ಟರ್‌ನಲ್ಲಿ ಇಡೀ ಮಷಿನ್ ಒಂದೇ ಸಾಲು, ಹಳೇ ಸ್ಪಿಂಡಲ್‌ನ ಬೆಲೆ ಬೇರೆ ಇಲ್ಲ. ಅದನ್ನ ಎಷ್ಟಕ್ಕೆ ತೆಗೀಬೇಕು ಅಂತ ಗೊತ್ತಾಗ್ತಿಲ್ಲ."

ಎಲ್ಲಿದೆ, ಎಷ್ಟು, ಅವರು ಏನು ಮಾಡಿದ್ದಾರೆ, ನೀವು ಏನೇನು ನೋಡಿದಿರಿ, ನಿಮ್ಮ ಅನಿಸಿಕೆ ಏನು, ಎಲ್ಲಿ ಸಿಕ್ಕಿಕೊಂಡಿರಿ. ಇಷ್ಟೂ ಅರ್ಧ ನಿಮಿಷದಲ್ಲಿ ಬಂತು. ನಿಮ್ಮ ಅನಿಸಿಕೆ ತಪ್ಪಾಗಿದ್ದರೂ ಪರವಾಗಿಲ್ಲ, ಆದರೆ ಹೇಳಬೇಕು. ಹೇಳಿದರೆ ಸೀನಿಯರ್ ಎಲ್ಲಿ ತಿದ್ದಬೇಕೋ ಅಲ್ಲೇ ತಿದ್ದುತ್ತಾರೆ. ಇಲ್ಲಿ ಅವರು ಏನು ಹೇಳಬಹುದು? ಬಹುಶಃ ಒಂದು ತಿರುಗುಪ್ರಶ್ನೆ ಬರುತ್ತದೆ:

"ಹೊಸ ಸ್ಪಿಂಡಲ್ ಎಷ್ಟು ವರ್ಷ ಬರುತ್ತಂತೆ? ಮೆಂಟೆನೆನ್ಸ್‌ನವರನ್ನ ಕೇಳಿದ್ರಾ?"

ಇದು ನಿಜವಾಗಿ ಬೇಕಾದ ಪ್ರಶ್ನೆ. ವರ್ಷ ವರ್ಷ ಬದಲಿಸುವಂಥ ಪಾರ್ಟ್ ಆಗಿದ್ದರೆ ಅದನ್ನು ಆಸ್ತಿಗೆ ಸೇರಿಸುವಂತಿಲ್ಲ. ಈ ಉತ್ತರ ಅಕೌಂಟ್ಸ್ ರೂಮಿನಲ್ಲಿ ಸಿಗುವುದಿಲ್ಲ. ಶಾಪ್ ಫ್ಲೋರ್‌ಗೆ ಹೋಗಿ ಮೆಂಟೆನೆನ್ಸ್ ಸೂಪರ್‌ವೈಸರ್ ಹತ್ತಿರ ಮಾತಾಡಿದರೆ ಅವರು ಐದಾರು ವರ್ಷ ಬರುತ್ತದೆ ಅನ್ನುತ್ತಾರೆ, ಹಳೆಯದು ಎಷ್ಟು ವರ್ಷ ಬಂತು ಅಂತಲೂ ಹೇಳುತ್ತಾರೆ, ಆ ಮಷಿನ್ ತೋರಿಸುತ್ತಾರೆ. ಅಲ್ಲಿ ಕೇಳಿದ್ದನ್ನು ಯಾರು ಹೇಳಿದರು, ಯಾವತ್ತು ಹೇಳಿದರು ಅಂತ ಬರೆದುಕೊಂಡು ಬನ್ನಿ. ಇದರಿಂದ ಇನ್ನೊಂದು ವಿಷಯವೂ ತೀರ್ಮಾನ ಆಯಿತು. ಮಷಿನ್‌ಗೆ ಷೆಡ್ಯೂಲ್ 2ರ ಪ್ರಕಾರ 15 ವರ್ಷ ಹಿಡಿದಿದ್ದರೂ, ಮಹತ್ವದ ಬೆಲೆಯಿರುವ ಈ ಭಾಗದ ಆಯಸ್ಸು ಬೇರೆ, ಹಾಗಾಗಿ ಅದರ ಡಿಪ್ರಿಸಿಯೇಷನ್ ಬೇರೆ ಲೆಕ್ಕ ಹಾಕಬೇಕು.

ಹಳೆ ಸ್ಪಿಂಡಲ್‌ನ ಬೆಲೆಗೂ ಎಎಸ್ 10ರಲ್ಲೇ ದಾರಿ ಇದೆ. ಹಳೆ ಭಾಗದ ಬೆಲೆ ಗೊತ್ತಾಗದಿದ್ದರೆ ಹೊಸದರ ಬೆಲೆಯನ್ನು ಅಂದಾಜಿಗೆ ಸೂಚನೆಯಾಗಿ ಬಳಸಬಹುದು. ಅದರಿಂದ ಮಷಿನ್ ಕೊಂಡ ವರ್ಷದಲ್ಲಿ ಈ ಭಾಗದ ಬೆಲೆ ಎಷ್ಟಿತ್ತು ಅಂತ ಅಂದಾಜಿಸಿ, ಇಲ್ಲಿಯವರೆಗಿನ ಡಿಪ್ರಿಸಿಯೇಷನ್ ಕಳೆದು, ಉಳಿದದ್ದನ್ನು ತೆಗೆಯುತ್ತಾರೆ. ಸ್ಕ್ರ್ಯಾಪ್‌ನ 22,000 ರಿಪೇರಿ ಲೆಡ್ಜರ್‌ನಿಂದ ಹೊರಬಂದು ಆ ಲಾಭ-ನಷ್ಟದ ಲೆಕ್ಕಕ್ಕೆ ಸೇರುತ್ತದೆ. ಆದಾಯ ತೆರಿಗೆಯಲ್ಲಿ ಇದೇ ಖರ್ಚನ್ನು ಕರೆಂಟ್ ರಿಪೇರಿ ಅನ್ನಬಹುದಾ ಅನ್ನುವುದು ಪೂರ್ತಿ ಬೇರೆ ಪ್ರಶ್ನೆ, ಪುಸ್ತಕದ ಉತ್ತರ ಅಲ್ಲಿಗೆ ತಾನಾಗಿ ಸಲ್ಲುವುದಿಲ್ಲ. ಅದನ್ನು ಸೀನಿಯರ್ ಮತ್ತು ಪ್ರಿನ್ಸಿಪಾಲ್ ನೋಡುತ್ತಾರೆ. ಆ ಪ್ರಶ್ನೆ ಇದೆ ಅಂತ ಕ್ವೆರಿ ಶೀಟ್‌ನಲ್ಲಿ ಗುರುತಿಸಿದರೆ ನಿಮ್ಮ ಕೆಲಸ ಆಯಿತು.

ಎಲ್ಲ ಪ್ರಶ್ನೆಯನ್ನೂ ಹುಟ್ಟಿದ ತಕ್ಷಣ ತೆಗೆದುಕೊಂಡು ಓಡಬೇಡಿ. ಕ್ವೆರಿ ಶೀಟ್‌ನಲ್ಲಿ ಸಾಲಾಗಿ ಬರೆದು ದಿನಕ್ಕೆ ಒಂದು ಸಲ ಕೂತು ಮಾತಾಡಿ. ಕೆಲವು ಮಾತ್ರ ಕಾಯಬಾರದು: ಅಕೌಂಟೆಂಟ್ ದಾಖಲೆ ತೋರಿಸಲು ಒಪ್ಪದಿದ್ದರೆ, ಬಿಲ್ ತಿದ್ದಿದಂತೆ ಕಂಡರೆ, ಒಂದು ತಪ್ಪು ಉಳಿದ ಲೆಡ್ಜರ್‌ಗಳಲ್ಲೂ ಇರಬಹುದು ಅನ್ನಿಸಿದರೆ ಆವಾಗಲೇ ಹೋಗಿ ಹೇಳಿ. ಬಿಲ್ ತಿದ್ದಿದ ಅನುಮಾನ ಇದ್ದಾಗ ಕ್ಲೈಂಟ್ ಜನರ ಮುಂದೆ ಅದನ್ನು ಎತ್ತಬೇಡಿ, ಮೊದಲು ಸೀನಿಯರ್‌ಗೆ ತಿಳಿಸಿ.

ಉತ್ತರ ಬಂದ ಮೇಲೆ ಅದನ್ನು ಬರೆಯುವುದು ಬಾಕಿ ಇರುತ್ತದೆ. ಕ್ವೆರಿ 1ರ ಎದುರು ‘ಮೇಡಂ ಓಕೆ ಅಂದರು’ ಅಂತ ಬರೆದರೆ ಮುಂದಿನ ವರ್ಷ ಆ ಫೈಲ್ ತೆರೆಯುವವರಿಗೆ ಏನೂ ಗೊತ್ತಾಗುವುದಿಲ್ಲ. ಹೀಗೆ ಬರೆಯಿರಿ: 4,80,000 ಖರ್ಚಿನಿಂದ ಆಸ್ತಿಗೆ ವರ್ಗ, ಆಧಾರ ಬಿಲ್, ಗೇಟ್ ರಿಜಿಸ್ಟರ್, ಸ್ಕ್ರ್ಯಾಪ್ ಎಂಟ್ರಿ ಮತ್ತು ಮೆಂಟೆನೆನ್ಸ್ ಸೂಪರ್‌ವೈಸರ್ ಜೊತೆಗಿನ ಮಾತು, ಕಂಪನಿ ತಿದ್ದುಪಡಿ ಎಂಟ್ರಿ ಹಾಕಿದೆ, ವೌಚರ್ ನಂಬರ್ ಇಷ್ಟು. ಕ್ವೆರಿ 2, ಪ್ರೊವಿಷನ್‌ನಲ್ಲಿ 1,55,000 ಜಾಸ್ತಿ, ವಾಪಸ್ ಮಾಡಿದ್ದಾರೆ. ಕ್ವೆರಿ 3, ಮೆಕ್ಯಾನಿಕ್‌ನ ಟಿಡಿಎಸ್, 3ಸಿಡಿಗೆ ಕೊಟ್ಟಿದೆ. ಹೊಸ ಟಿಬಿ ತೆಗೆದು ರಿಪೇರಿ ಲೆಡ್ಜರ್ ಮತ್ತೆ ಹೊಂದಿಸಿ: 18,60,000ದಿಂದ 4,80,000 ಮತ್ತು 1,55,000 ಕಳೆದು, ಸ್ಕ್ರ್ಯಾಪ್‌ನ 22,000 ವಾಪಸ್ ಕೂಡಿದರೆ 12,47,000. ಹೋದ ವರ್ಷದ 11,20,000ಕ್ಕಿಂತ ಇನ್ನೂ 1,27,000 ಜಾಸ್ತಿ ಇದೆ. ಅದರಲ್ಲಿ ಬಹುಪಾಲು ಮಾರ್ಚ್‌ನ ಕೆಲಸಕ್ಕೆ ಉಳಿಸಿಕೊಂಡ 1,15,000 ಪ್ರೊವಿಷನ್. ಹೋದ ವರ್ಷ ಇಂಥ ಪ್ರೊವಿಷನ್ ಮಾಡಿದ್ದರಾ? ಮಾಡಿರದಿದ್ದರೆ 2024ರ ಮಾರ್ಚ್‌ನ ಕೆಲಸದ ಬಿಲ್ಲುಗಳು ಈ ವರ್ಷದ ಏಪ್ರಿಲ್ ಖರ್ಚಿನಲ್ಲಿ ಕೂತಿರುತ್ತವೆ. ಏಪ್ರಿಲ್ 2024ರ ಸರ್ವಿಸ್ ರಿಪೋರ್ಟ್‌ಗಳನ್ನು ನಾಳೆ ಬೆಳಗಿನ ಪಟ್ಟಿಗೆ ಸೇರಿಸಿ.